ಅತ್ತಿಗೆಗೆ, ಎರಡನೆಯ ಕೀಮೋ ಆದ ಮೇಲೆ

ಪ್ರೀತಿಯ ಅತ್ತಿಗೆ,

ಎರಡನೆಯ ಕೀಮೋ ಮುಗಿಸಿಕೊಂಡು ನೀವು ಮನೆಗೆ ಬಂದ ವಿಷಯವನ್ನು ಅಣ್ಣ ನಿನ್ನೆ ರಾತ್ರಿ ತಿಳಿಸಿದ. ಬಾಯಿಹುಣ್ಣಿನಿಂದ ನೀರು ಕುಡಿಯುವುದೂ ಕಷ್ಟವಾಗಿದೆಯಂತೆ, ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತದಂತೆ. ಕೇಳಿ ಸಂಕಟವಾಯಿತು. ಬಂದವರಿಗೆಲ್ಲ ಅಡುಗೆ ಮಾಡಿ ಬಡಿಸಿದ ನಿಮಗೆ ಒಗ್ಗರಣೆಯೇ ಆಗದಂತಾಯಿತಲ್ಲ, ಇದೆಂಥ ಅನ್ಯಾಯ!

ಧೈರ್ಯವಾಗಿರಿ ಎಂದು ನಾನು ಹೇಳುವುದಿಲ್ಲ. ಹೆದರಿಕೆಯಾದರೆ ಹಾಗೆಂದು ಹೇಳಿ, ಅಳು ಬಂದರೆ ಅತ್ತುಬಿಡಿ, ನನ್ನ ಮೇಲೆ ರೇಗಿದರೂ ಸರಿ. (ಅಣ್ಣನ ಮೇಲೆ ರೇಗುವುದು ನಿಮಗೆ ಹೊಸದೇನಲ್ಲ.) ಕೂದಲಿಗಾಗಿ ದುಃಖಪಡುವುದು ಸಣ್ಣತನ ಎಂದಿರಂತೆ. ಅಲ್ಲ ಅತ್ತಿಗೆ. ನಿಮ್ಮ ಸೀಮಂತದ ದಿನ ಆ ಜಡೆಗೆ ಮೊಗ್ಗು ಹೆಣೆದವಳು ನಾನು, ನನಗೂ ಬೇಸರವಾಗಿದೆ.

ಸೋಮವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ನಿಮ್ಮನ್ನು ನೋಡಿ ಹೋಗುವುದಕ್ಕಲ್ಲ, ಅಡುಗೆ, ಬಟ್ಟೆ, ಪುಟ್ಟಿಯ ಶಾಲೆ ಇವನ್ನೆಲ್ಲ ನೋಡಿಕೊಳ್ಳುವುದಕ್ಕೆ. ಒಗ್ಗರಣೆಯನ್ನು ಹಿತ್ತಲಿನ ಒಲೆಯಲ್ಲೇ ಹಾಕುತ್ತೇನೆ. ಸೋಂಕು ತಗಲಬಾರದು ಎಂದು ಡಾಕ್ಟರು ಹೇಳಿದ್ದಾರಲ್ಲ, ವಿಚಾರಿಸಲು ಬರುವವರಿಗೆ ಜಗಲಿಯಲ್ಲೇ ಕಾಫಿ ಕೊಟ್ಟು ಕಳುಹಿಸುತ್ತೇನೆ. ಅವರ ಮನೆಮದ್ದುಗಳ ಪಟ್ಟಿಯನ್ನೂ ನಾನೇ ಕೇಳಿಸಿಕೊಳ್ಳುತ್ತೇನೆ. ಮಾತು ಬೇಕೆನಿಸಿದರೆ ನನ್ನನ್ನು ಕರೆಯಿರಿ, ಬೇಡವೆನಿಸಿದರೆ ಬಾಗಿಲು ಮುಚ್ಚಿಕೊಂಡು ಮಲಗಿ. ನನಗೇನೂ ಅನ್ನಿಸುವುದಿಲ್ಲ.

ಇದಕ್ಕೆ ಉತ್ತರ ಬರೆಯುವ ಶ್ರಮ ಬೇಡ. ಬಾಯಿಹುಣ್ಣು ಬೇಗ ಮಾಯಲಿ, ಇವತ್ತು ರಾತ್ರಿ ನಿಮಗೆ ನಿದ್ದೆ ಬರಲಿ.

ನಿಮ್ಮ ನಾದಿನಿ