ಲಿಮಿಟ್ ಬಗ್ಗೆ ತಂಗಿಗೆ ಒಂದು ಪತ್ರ

ಪ್ರೀತಿಯ ಶ್ರಾವ್ಯಾ,

ನೀನು ಕಳಿಸಿದ ಮಾಕ್ ಟೆಸ್ಟಿನ ಹಾಳೆಗಳನ್ನು ನಿನ್ನೆ ಕೆಲಸ ಮುಗಿಸಿ ಬಂದ ಮೇಲೆ ಕೂತು ಪೂರ್ತಿ ನೋಡಿದೆ. ನಾನು ಏಳುವ ಹೊತ್ತಿಗೆ ನಿನಗೆ ಕ್ಲಾಸು, ನಿನಗೆ ಬಿಡುವಾದಾಗ ನಾನು ಆಫೀಸಿನಲ್ಲಿ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಬರೆದೇ ಬಿಡೋಣ ಅನ್ನಿಸಿತು. ಪಕ್ಕದಲ್ಲಿ ಪೆನ್ಸಿಲ್, ಹಾಳೆ ಇಟ್ಟುಕೊಂಡು ಓದು.

"ಸೂತ್ರ ಎಲ್ಲಾ ಬರುತ್ತದೆ ಅಕ್ಕ, ಆದರೂ ಲಿಮಿಟ್ ತಪ್ಪಾಗುತ್ತದೆ" ಎಂದು ಬರೆದಿದ್ದೀಯ. ಹಾಳೆ ನೋಡಿದರೆ ಅದು ನಿಜ. ಸೂತ್ರಗಳಲ್ಲಿ ಒಂದೂ ತಪ್ಪಿಲ್ಲ. ತಪ್ಪಾಗಿರುವುದು ಅದಕ್ಕೂ ಮುಂಚೆ. ಪ್ರಶ್ನೆ ಓದಿದ ತಕ್ಷಣ ನಿನ್ನ ಕೈ ಓಡುತ್ತದೆ. ಅಲ್ಲಿ ಏನು ನಡೆಯುತ್ತಿದೆ ಎಂದು ನೀನು ನೋಡುವುದೇ ಇಲ್ಲ. ಲಿಮಿಟ್‌ನಲ್ಲಿ ಮಾತ್ರ ಹಾಗೆ ಮಾಡಬೇಡ ಕಣೇ. ಮೊದಲು ನೋಡಬೇಕು, ಆಮೇಲೆ ಬರೆಯಬೇಕು.

ಏನನ್ನು ನೋಡಬೇಕು? x ಆ ಬಿಂದುವಿನ ಹತ್ತಿರ ಹತ್ತಿರ ಬಂದಾಗ ಯಾವ ಭಾಗ ಎಷ್ಟು ಬೇಗ ಚಿಕ್ಕದಾಗುತ್ತಿದೆ, ಯಾವುದು ದೊಡ್ಡದಾಗುತ್ತಿದೆ ಎಂಬುದನ್ನು. ಆ ಬಿಂದುವಿನಲ್ಲಿ ಏನಿದೆ ಎಂಬುದು ಲಿಮಿಟ್‌ಗೆ ಬೇಕಾಗಿಯೇ ಇಲ್ಲ. (x² − 4)/(x − 2) ತೆಗೆದುಕೋ. x = 2 ಹಾಕಿದರೆ 0/0, ಅಲ್ಲಿ ಬೆಲೆಯೇ ಇಲ್ಲ. ಆದರೆ 1.99 ಹಾಕು, 3.99 ಬರುತ್ತದೆ. 2.01 ಹಾಕು, 4.01. ಎರಡೂ ಕಡೆಯಿಂದ 4ರ ಕಡೆಗೇ ಹೋಗುತ್ತಿದೆ. ಅಪವರ್ತನ ಮಾಡಿ (x − 2) ಹೊಡೆದು ಹಾಕಬಹುದು, ಯಾಕೆಂದರೆ x ಎಂದೂ 2 ಆಗುವುದಿಲ್ಲ, ಹತ್ತಿರ ಮಾತ್ರ ಇರುತ್ತದೆ. ಈ "ಯಾಕೆಂದರೆ" ನಿನಗೆ ಸ್ಪಷ್ಟವಾಗಿದ್ದರೆ ಮುಂದಿನದೆಲ್ಲ ಸಲೀಸು.

ಈಗ ನೀನು ತಪ್ಪು ಮಾಡಿದ ಲೆಕ್ಕಗಳಿಗೆ ಬರೋಣ. ಮೊದಲನೆಯದು, x → 0 ಆದಾಗ (tan x − sin x)/x³. ನೀನು tan x ಜಾಗದಲ್ಲಿ x ಹಾಕಿದ್ದೀಯ, sin x ಜಾಗದಲ್ಲೂ x ಹಾಕಿದ್ದೀಯ, ಕಳೆದು ಸೊನ್ನೆ ಎಂದು ಬರೆದಿದ್ದೀಯ. ಇದು ತುಂಬಾ ಜನ ಬೀಳುವ ಹಳ್ಳ, ಅದಕ್ಕೇ ಪ್ರಶ್ನೆ ಮಾಡುವವರು ಮತ್ತೆ ಮತ್ತೆ ಇದನ್ನೇ ಕೊಡುತ್ತಾರೆ.

ಯಾಕೆ ತಪ್ಪು ಗೊತ್ತಾ? x ಚಿಕ್ಕದಿದ್ದಾಗ tan x ಮತ್ತು sin x ಎರಡೂ ಹೆಚ್ಚುಕಡಿಮೆ x ಹೌದು. ಆದರೆ ಇಲ್ಲಿ ಕೇಳಿರುವುದು ಆ "ಹೆಚ್ಚುಕಡಿಮೆ" ಎಷ್ಟು ಎಂದೇ! ಒಂದರಿಂದ ಇನ್ನೊಂದನ್ನು ಕಳೆದಾಗ x ಮತ್ತು x ಹೊಡೆದುಹೋಗುತ್ತವೆ, ಉಳಿಯುವುದು ನೀನು ಬಿಸಾಕಿದ ಚೂರು ಮಾತ್ರ. ಕೆಳಗೆ x³ ಇದೆ, ಅದೂ ಅಷ್ಟೇ ಚಿಕ್ಕದು. ಆ ಚೂರನ್ನು x³ ಜೊತೆ ಹೋಲಿಸಿದರೆ ಅದು ಚೂರೇನಲ್ಲ. ಸರಣಿಯಲ್ಲಿ ಬರೆದರೆ tan x = x + x³/3 + …, sin x = x − x³/6 + …. ಕಳೆದರೆ x³/2. ಉತ್ತರ 1/2.

ಸರಣಿ ಇಲ್ಲದೆಯೂ ಆಗುತ್ತದೆ, ನನಗೆ ಆ ದಾರಿಯೇ ಜಾಸ್ತಿ ಇಷ್ಟ. tan x − sin x ಎಂದರೆ tan x (1 − cos x). ಹಾಗಾಗಿ ಇಡೀ ಲೆಕ್ಕ (tan x / x) × ((1 − cos x)/x²) ಆಗುತ್ತದೆ. ಮೊದಲನೆಯದು 1 ಕಡೆಗೆ, ಎರಡನೆಯದು 1/2 ಕಡೆಗೆ. ಮುಗಿಯಿತು. ಗಮನಿಸು, ಗುಣಾಕಾರವಾಗಿ ಮುರಿದ ಮೇಲೆ ಒಂದೊಂದು ಭಾಗದ ಲಿಮಿಟ್ ಬೇರೆ ಬೇರೆ ಹಾಕಬಹುದು. ಗುಣಿಸುವಾಗ, ಭಾಗಿಸುವಾಗ sin x ಬದಲು x ಹಾಕುವುದಕ್ಕೆ ತೊಂದರೆ ಇಲ್ಲ. ಕೂಡುವಾಗ, ಕಳೆಯುವಾಗ ಹಾಕಲೇಬೇಡ, ಮುಖ್ಯ ಪದಗಳು ಹೊಡೆದುಹೋಗುವುದಿಲ್ಲ ಎಂದು ಖಾತ್ರಿ ಆಗುವವರೆಗೆ. ಇದನ್ನು ನಿನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೋ.

ನಂಬಿಕೆ ಬರಬೇಕಾದರೆ x = 0.1 ಹಾಕಿ ನೋಡು, ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿ ಇರಲಿ. tan 0.1 = 0.1003347, sin 0.1 = 0.0998334. ವ್ಯತ್ಯಾಸ 0.0005013. ಅದನ್ನು 0.001ರಿಂದ ಭಾಗಿಸಿದರೆ 0.5013. ಸೊನ್ನೆ ಎಲ್ಲೂ ಇಲ್ಲ, ಅಲ್ವಾ? ರೇಡಿಯನ್ ಎಂದು ಒತ್ತಿ ಹೇಳಿದ್ದಕ್ಕೆ ಕಾರಣ ಇದೆ. sin x / x → 1 ಎನ್ನುವುದು ರೇಡಿಯನ್‌ನಲ್ಲಿ ಮಾತ್ರ ನಿಜ. ಕೋನ ಡಿಗ್ರಿಯಲ್ಲಿದ್ದರೆ ಅದು π/180. ಪ್ರಶ್ನೆಯಲ್ಲಿ x° ಎಂದು ಆ ಪುಟ್ಟ ಸೊನ್ನೆ ಹಾಕಿರುತ್ತಾರೆ, ಓಡುವ ಕಣ್ಣಿಗೆ ಅದು ಕಾಣುವುದಿಲ್ಲ.

ಮನೆಯಲ್ಲಿ ಅಭ್ಯಾಸ ಮಾಡುವಾಗ ಹೀಗೆ ಅಂಕಿ ಹಾಕಿ ನೋಡುವುದು ತುಂಬಾ ಒಳ್ಳೆಯದು. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲದಿದ್ದರೂ, ಎಷ್ಟರ ಆಸುಪಾಸು ಉತ್ತರ ಇರಬೇಕು ಎಂಬ ಅಂದಾಜು ಕೈಗೆ ಹತ್ತುತ್ತದೆ. ಆದರೆ x ತೀರಾ ಚಿಕ್ಕದು ಹಾಕಬೇಡ. ಇಲ್ಲಿ ನನ್ನ ಕೆಲಸವೇ ಪಂಪುಗಳ ಸೆನ್ಸರ್ ಅಂಕಿಗಳಿಂದ ಹರಿವಿನ ವೇಗ ಲೆಕ್ಕ ಹಾಕುವುದು, ಅಂದರೆ ದಿನಾ (f(x + h) − f(x))/h. h ಚಿಕ್ಕದಾದಷ್ಟೂ ಉತ್ತರ ಚೆನ್ನಾಗಿರುತ್ತದೆ ಎಂದು ಅನ್ನಿಸುತ್ತದೆ, ಆದರೆ ಕಂಪ್ಯೂಟರ್ ಅಂಕಿಗಳನ್ನು ಸುಮಾರು 16 ಸ್ಥಾನದವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ. (1 − cos x)/x² ನಲ್ಲಿ x = 0.00000001 ಹಾಕಿದರೆ ಅದಕ್ಕೆ cos x ಸರಿಯಾಗಿ 1 ಆಗಿಯೇ ಕಾಣುತ್ತದೆ, ಉತ್ತರ 0 ಎನ್ನುತ್ತದೆ. ನಿಜವಾದ ಲಿಮಿಟ್ 1/2. ನೀನು tan x − sin x ನಲ್ಲಿ ಮಾಡಿದ್ದೂ ಇದನ್ನೇ ನೋಡು. ಯಂತ್ರ ಬಿಸಾಕಿದ ಚೂರಿನಲ್ಲೇ ಉತ್ತರ ಇತ್ತು. 0.1, 0.01 ಸಾಕು.

ಎರಡನೆಯದು, x → 0 ಆದಾಗ (cos x)^(1/x²). cos 0 = 1, ಒಂದರ ಘಾತ ಏನೇ ಇದ್ದರೂ ಒಂದೇ ಎಂದು 1 ಬರೆದಿದ್ದೀಯ. ಒಂದೇ ಆಗಿದ್ದರೆ ಅದು ಸರಿ. ಆದರೆ ಇದು ಒಂದಲ್ಲ, ಒಂದಕ್ಕಿಂತ ಸ್ವಲ್ಪ ಕಡಿಮೆ. ಘಾತವೋ ಬೆಳೆಯುತ್ತಲೇ ಇದೆ. ಇದು ಹಗ್ಗಜಗ್ಗಾಟ. ತಳ 1ರ ಕಡೆಗೆ ಎಳೆಯುತ್ತದೆ, ಘಾತ ಸೊನ್ನೆಯ ಕಡೆಗೆ ಎಳೆಯುತ್ತದೆ, ಯಾರ ಬಲ ಎಷ್ಟು ಎಂದು ಲೆಕ್ಕ ಹಾಕಬೇಕು. e ಹುಟ್ಟುವುದೂ ಇಲ್ಲೇ. (1 + 1/n)^n ನಲ್ಲಿ n = 10 ಆದಾಗ 2.5937, n = 100 ಆದಾಗ 2.7048, n = 1000 ಆದಾಗ 2.7169. 1 ಕಡೆಗೂ ಹೋಗದೆ, ಅನಂತಕ್ಕೂ ಹೋಗದೆ 2.718ರ ಹತ್ತಿರ ನಿಲ್ಲುತ್ತದೆ. ಹಾಗಾಗಿ ತಳ 1 ಕಡೆಗೆ, ಘಾತ ಅನಂತದ ಕಡೆಗೆ ಹೋಗುತ್ತಿದ್ದರೆ ತಳದಿಂದ 1 ಕಳೆ, ಘಾತದಿಂದ ಗುಣಿಸು, ಅದರ ಲಿಮಿಟ್ ತೆಗೆದು e ತಲೆಯ ಮೇಲೆ ಕೂರಿಸು. ಇಲ್ಲಿ (cos x − 1)/x² → −1/2. ಉತ್ತರ e^(−1/2), ಸುಮಾರು 0.6065. x = 0.1 ಹಾಕಿದರೆ 0.606 ಬರುತ್ತದೆ, ನೀನೇ ನೋಡು.

ಮೂರನೆಯದು, x → −∞ ಆದಾಗ √(x² + x) + x. ಇಲ್ಲಿ ಒಂದೇ ಒಂದು ಜಾಗದಲ್ಲಿ ಎಡವಿದ್ದೀಯ. √x² ಎಂದರೆ x ಅಲ್ಲ, |x|. x ಋಣವಾಗಿದ್ದಾಗ ಅದು −x. ಇಷ್ಟು ತಿದ್ದಿಕೊಂಡು ಸಂಯುಗ್ಮಿಯಿಂದ ಗುಣಿಸಿದರೆ −1/2 ಬರುತ್ತದೆ. ಇಂಥ ಲೆಕ್ಕಗಳಲ್ಲಿ x = −t ಎಂದು ಬದಲಾಯಿಸಿಕೊಂಡು t → ∞ ಮಾಡುವ ಅಭ್ಯಾಸ ಮಾಡಿಕೋ, ಚಿಹ್ನೆಯ ಗೊಂದಲವೇ ಇರುವುದಿಲ್ಲ.

ನಾಲ್ಕನೆಯದು, x → 0 ಆದಾಗ [sin x / x], ಚೌಕ ಆವರಣ ಎಂದರೆ ಗ್ರೇಟೆಸ್ಟ್ ಇಂಟಿಜರ್. ಒಳಗಿನದು 1 ಕಡೆಗೆ ಹೋಗುತ್ತದೆ ಎಂದು 1 ಬರೆದಿದ್ದೀಯ. ಆದರೆ ಅದು ಸದಾ 1ಕ್ಕಿಂತ ಕೆಳಗಿನಿಂದಲೇ ಬರುತ್ತದೆ, ಎರಡೂ ಕಡೆ. 0.998ರ ಇಂಟಿಜರ್ ಭಾಗ 0. ಉತ್ತರ 0. [x / sin x] ಕೊಟ್ಟಿದ್ದರೆ 1. ಚೌಕ ಆವರಣ, ಮಾಡ್ಯುಲಸ್, ಭಾಗ ಭಾಗವಾಗಿ ಬೇರೆ ಬೇರೆ ಸೂತ್ರ ಕೊಟ್ಟ ಫಂಕ್ಷನ್, ಈ ಮೂರು ಕಂಡರೆ ಎಡ ಲಿಮಿಟ್, ಬಲ ಲಿಮಿಟ್ ಬೇರೆ ಬೇರೆ ಬರೆಯದೆ ಮುಂದೆ ಹೋಗಬೇಡ.

ಇನ್ನು ಲೋಪಿಟಾಲ್ ನಿಯಮ. ನಿನ್ನ ಹಾಳೆ ತುಂಬಾ ಅದೇ ಇದೆ! 1696ರಲ್ಲಿ ಅದನ್ನು ಅಚ್ಚು ಹಾಕಿಸಿದವರು ಲೋಪಿಟಾಲ್, ಕಂಡುಹಿಡಿದದ್ದು ಯೋಹಾನ್ ಬರ್ನೌಲಿ. ಒಳ್ಳೆಯ ಆಯುಧವೇ. ಆದರೆ 0/0 ಅಥವಾ ∞/∞ ಇದ್ದರೆ ಮಾತ್ರ. ಪ್ರತಿ ಸಲ ಡಿಫರೆನ್ಷಿಯೇಟ್ ಮಾಡುವ ಮುಂಚೆಯೂ ಆ ರೂಪ ಇನ್ನೂ ಇದೆಯಾ ಎಂದು ನೋಡಬೇಕು. x → 0 ಆದಾಗ (x + 1)/(x + 2) ನೇರವಾಗಿ 1/2. ನಿಯಮ ಹಾಕಿದರೆ 1 ಬರುತ್ತದೆ, ತಪ್ಪು. ಇನ್ನೊಂದು ವಿಷಯ ಕೆಲವರಿಗೆ ಗೊತ್ತೇ ಇರುವುದಿಲ್ಲ. x → ∞ ಆದಾಗ (x + sin x)/x ನೋಡು. ರೂಪ ∞/∞ ಸರಿಯಾಗಿಯೇ ಇದೆ. ನಿಯಮ ಹಾಕಿದರೆ 1 + cos x, ಅದು ಎಲ್ಲೂ ನಿಲ್ಲದೆ ತೂಗಾಡುತ್ತದೆ. ಹಾಗಂತ ಲಿಮಿಟ್ ಇಲ್ಲ ಎಂದಲ್ಲ. x ನಿಂದ ಭಾಗಿಸಿದರೆ 1 + sin x / x, ಅದು ನೆಟ್ಟಗೆ 1 ಕಡೆಗೆ. ನಿಯಮ ಉತ್ತರ ಕೊಡದಿದ್ದರೆ ನಿಯಮ ಸೋತಿತು ಅಷ್ಟೇ, ಲಿಮಿಟ್ ಇರಬಹುದು.

ಈ ಒಂದು ವಾರ ಹೀಗೆ ಮಾಡು. ದಿನಕ್ಕೆ ಎಂಟು ಹತ್ತು ಲೆಕ್ಕ ಸಾಕು, ಐವತ್ತು ಬೇಡ. ಪ್ರತಿ ಲೆಕ್ಕದ ಪಕ್ಕ ಮೊದಲು ರೂಪ ಬರೆ, 0/0, ∞ − ∞, 1^∞, ಹೀಗೆ. ಆಮೇಲೆ ಯಾವ ದಾರಿ, ಯಾಕೆ ಎಂದು ಒಂದು ಸಾಲು. ಆಮೇಲಷ್ಟೇ ಬಿಡಿಸು. ಶುರುವಿನಲ್ಲಿ ನಿಧಾನ ಅನ್ನಿಸುತ್ತದೆ, ಗಾಬರಿ ಆಗಬೇಡ. ನಾಲ್ಕೈದು ದಿನಕ್ಕೆ ಆ ಸಾಲು ತಲೆಯಲ್ಲೇ ಬರುತ್ತದೆ, ಬರೆಯಬೇಕಾಗಿಲ್ಲ. ಲಿಮಿಟ್‌ಗೆ ಇಷ್ಟು ಹೊತ್ತು ಕೊಡು ಎನ್ನುವುದು ಸುಮ್ನೆ ಅಲ್ಲ. ಕಂಟಿನ್ಯುಟಿ, ಡೆರಿವೇಟಿವ್, ಡೆಫಿನಿಟ್ ಇಂಟಿಗ್ರಲ್, ಎಲ್ಲದರ ವ್ಯಾಖ್ಯೆಯೂ ಲಿಮಿಟ್ಟೇ.

ಒಂದು ಮಾತು ಬೇರೆ. ಪತ್ರದ ಕೊನೆಗೆ "ನನಗೆ ಗಣಿತ ಆಗಿಬರುವುದಿಲ್ಲವೇನೋ" ಎಂದು ಬರೆದು ಅಳಿಸಿದ್ದೀಯ, ಅಳಿಸಿದ್ದು ಕಾಣುತ್ತದೆ ಪುಟ್ಟಿ. ಒಂಬತ್ತನೆಯ ಲೆಕ್ಕದಲ್ಲಿ x sin(1/x) ಅನ್ನು −|x| ಮತ್ತು |x| ನಡುವೆ ಸಿಕ್ಕಿಸಿ ಸೊನ್ನೆ ಎಂದು ತೋರಿಸಿದ್ದೀಯಲ್ಲ, ಅದು ಯಾರೂ ಹೇಳಿಕೊಟ್ಟ ಸೂತ್ರವಲ್ಲ, ನೋಡಿ ಯೋಚನೆ ಮಾಡಿ ಬರೆದದ್ದು. ಅದನ್ನು ಓದಿ ನನಗೆ ತುಂಬಾ ಖುಷಿಯಾಯಿತು. ಅಲ್ಲಿ ನೋಡಿದ ಹಾಗೆಯೇ ಉಳಿದ ಕಡೆಯೂ ನೋಡು.

ನೀನು ಖಾಲಿ ಬಿಟ್ಟ ಹದಿನಾಲ್ಕನೆಯ ಲೆಕ್ಕ ನಾನು ಬಿಡಿಸಿ ಕೊಡುವುದಿಲ್ಲ. x → 0 ಆದಾಗ (a·eˣ − b·cos x + c·e⁻ˣ)/(x sin x) ನ ಲಿಮಿಟ್ 2 ಆದರೆ a, b, c ಎಷ್ಟು? ಛೇದ ಸೊನ್ನೆಯ ಕಡೆಗೆ ಹೋಗುತ್ತಿದೆ, ಲಿಮಿಟ್ ಮಾತ್ರ 2. ಹಾಗಾದರೆ ಅಂಶಕ್ಕೆ ಏನಾಗಲೇಬೇಕು, ಅಲ್ಲಿಂದ ಶುರು ಮಾಡು. ಶನಿವಾರ ನನಗೆ ರಜೆ, ನಿನ್ನ ಸಂಜೆ ಹೊತ್ತಿಗೆ ಫೋನ್ ಮಾಡುತ್ತೇನೆ. ಹಾಳೆ ಕೈಯಲ್ಲಿ ಹಿಡಿದು ಕೂತಿರು.

ನಿನ್ನ ಅಕ್ಕ,
ಅನುಷಾ