ನಮ್ಮ ಬಗ್ಗೆ: ಇಳಕಲ್ಲಿನ ಮಗ್ಗ, ಕೊಂಡಿ ಮತ್ತು ಕೂಲಿ

ನಾವು ಇಳಕಲ್ಲಿನ ಕೈಮಗ್ಗ ನೇಕಾರರ ಸಹಕಾರಿ ಸಂಘ. ನಿಮ್ಮ ಮನೆಯಲ್ಲಿ ಒಂದು ಇಳಕಲ್ ಸೀರೆ ಇದ್ದರೆ ಒಮ್ಮೆ ಒಳಮೈ ತಿರುಗಿಸಿ ನೋಡಿ. ಒಡಲು ಮುಗಿದು ಕೆಂಪು ಸೆರಗು ಶುರುವಾಗುವ ಜಾಗದಲ್ಲಿ ಬೆರಳಾಡಿಸಿ. ಸಣ್ಣ ಗೆರೆಯೊಂದು ಕೈಗೆ ತಾಗುತ್ತದೆ. ಅದೇ ಕೊಂಡಿ.

ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳೇ ಹಾಸು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆ ಹೆಚ್ಚಾಗಿ ಹತ್ತಿ, ಸೆರಗಿನದು ರೇಷ್ಮೆ. ಇವೆರಡನ್ನೂ ಒಂದೊಂದೇ ಎಳೆ ಹಿಡಿದು, ಒಂದರ ಕುಣಿಕೆಯೊಳಗೆ ಇನ್ನೊಂದನ್ನು ಸಿಕ್ಕಿಸಬೇಕು. ಹೀಗೆ ಸಾವಿರಾರು ಎಳೆ. ಇದೇ ಕೊಂಡಿ ಹಾಕುವುದು. ಒಂದು ತಪ್ಪಿದರೂ ನೇಯುವಾಗ ಸೆರಗಿನಲ್ಲಿ ಗೀಟು ಬೀಳುತ್ತದೆ. ಒಡಲು, ಸೆರಗಿನ ಹಾಸು ಬೇರೆ ಬೇರೆ ಆದ್ದರಿಂದ ಇಲ್ಲಿ ಪ್ರತಿ ಸೀರೆಗೂ ಹೊಸದಾಗಿ ಹಾಸು ಕೂಡಿಸಬೇಕು.

ಈ ಕೆಲಸ ಮಾಡುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಅಡ್ಡಕ್ಕೆ ನೇಯುವ ನೂಲನ್ನು ಸಣ್ಣ ಕೊಳವೆಗೆ ಸುತ್ತುವವರೂ, ಅಂದರೆ ಕಂಡಿಕೆ ಸುತ್ತುವವರೂ ಅವರೇ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಇದಕ್ಕೆ ಬೇರೆ ಕೂಲಿ ಅಂತ ಇರಲೇ ಇಲ್ಲ. ಲೆಕ್ಕದಲ್ಲಿ ಇದ್ದದ್ದು ಮಗ್ಗದಲ್ಲಿ ಕೂತವರ ಹೆಸರು ಮಾತ್ರ.

2014ರಲ್ಲಿ ಹನ್ನೊಂದು ಮನೆಯವರು ಸೇರಿ ಈ ಸಹಕಾರಿ ಸಂಘ ಕಟ್ಟಿದೆವು. ಅಲ್ಲಿಯವರೆಗೆ ನೂಲು ಕೊಡುವವರೂ ವ್ಯಾಪಾರಿಗಳೇ, ಸೀರೆ ಒಯ್ಯುವವರೂ ಅವರೇ, ಕೂಲಿ ಎಷ್ಟು ಅಂತ ಹೇಳುವವರೂ ಅವರೇ ಆಗಿದ್ದರು. ಸೀರೆ ಅಂಗಡಿಯಲ್ಲಿ ಎಷ್ಟಕ್ಕೆ ಹೋಯಿತು ಅಂತ ನೇಯ್ದವರಿಗೆ ಗೊತ್ತಾಗುತ್ತಿರಲಿಲ್ಲ. ಹೊರಗಿನಿಂದ ಮಗ್ಗದ ಸೀರೆಯಂತೆಯೇ ಕಾಣುವ ಪವರ್‌ಲೂಮ್ ಸೀರೆ ಬಂದ ಮೇಲಂತೂ ಕೂಲಿ ಹೆಚ್ಚಿಸಿ ಅನ್ನುವ ಬಾಯಿಯೇ ಕಟ್ಟಿಹೋಯಿತು. ಕೆಲವರು ಮಗ್ಗ ಕಿತ್ತು, ನೇಯುವಾಗ ಕಾಲು ಇಳಿಬಿಡುವ ಕುಣಿ ಮುಚ್ಚಿಸಿದರು. ಮಗ್ಗದ ಕುಣಿಗೆ ಮಣ್ಣು ತುಂಬುವುದನ್ನು ನೋಡುವುದು ಸುಲಭ ಅಲ್ಲ.

ಮೊದಲ ವರ್ಷ ಕಷ್ಟವೇ ಆಯಿತು. ದೀಪಾವಳಿ ಹತ್ತಿರ ಬಂದಾಗ ನೂಲು ತರಲು ದುಡ್ಡಿರಲಿಲ್ಲ, ಸದಸ್ಯರೇ ಕೈಲಾದಷ್ಟು ಹಾಕಿದರು. ಕೂಲಿಯ ಬಗ್ಗೆ ಜಗಳವೂ ಆಯಿತು. ಕೊಂಡಿಗೆ ಬೇರೆ ಕೂಲಿ ಯಾಕೆ, ಅದೂ ಮನೆಗೇ ಬರುವ ದುಡ್ಡಲ್ವಾ ಅಂತ ಕೆಲವರು ಕೇಳಿದರು. ಆಗ ಸಭೆಯ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಅಕ್ಕ ಎದ್ದು ಹೇಳಿದರು: "ನಲವತ್ತ ವರ್ಷ ಕೊಂಡಿ ಹಾಕೀನಿ. ಒಂದ ಸಲಾನೂ ನನ್ನ ಹೆಸರು ಯಾವ ವಹ್ಯಾಗೂ ಬರದಿಲ್ಲ." ಆಮೇಲೆ ಯಾರೂ ಮಾತಾಡಲಿಲ್ಲ. ಅವತ್ತಿನಿಂದ ಕೊಂಡಿ ಮತ್ತು ಕಂಡಿಕೆಯ ಕೂಲಿ ಆ ಕೆಲಸ ಮಾಡಿದ ಹೆಣ್ಣುಮಗಳ ಸ್ವಂತ ಖಾತೆಗೇ ಹೋಗುತ್ತದೆ.

ಈಗ ನಮ್ಮಲ್ಲಿ 38 ಕುಣಿಮಗ್ಗಗಳಿವೆ. ಹತ್ತಿ ಒಡಲು, ರೇಷ್ಮೆ ಸೆರಗಿನ ಒಂದು ಸೀರೆಯನ್ನು ನಾವು 4,200 ರೂಪಾಯಿಗೆ ಮಾರುತ್ತೇವೆ. ಅದರಲ್ಲಿ ನೂಲು, ಬಣ್ಣಕ್ಕೆ 1,450. ನೇಯ್ದವರಿಗೆ 1,800. ಕೊಂಡಿ ಹಾಕಿ ಕಂಡಿಕೆ ಸುತ್ತಿದವರಿಗೆ 400. ಸಾಗಾಟ, ಪ್ಯಾಕಿಂಗಿಗೆ 150. ಉಳಿದ 400 ಸಂಘಕ್ಕೆ, ಮುಂದಿನ ನೂಲಿಗೆ ಮತ್ತು ಮಗ್ಗದ ರಿಪೇರಿಗೆ. ನೇಯಲು ಮೂರು ದಿನ ಬೇಕು, ಅಂದರೆ ದಿನಕ್ಕೆ 600 ರೂಪಾಯಿ. ಇದು ಇನ್ನೂ ಜಾಸ್ತಿ ಆಗಬೇಕು ಅನ್ನುವುದು ನಮ್ಮ ಆಸೆ. ಕೂಲಿ ಎಷ್ಟು ಅಂತ ಪ್ರತಿ ವರ್ಷ ಸರ್ವಸದಸ್ಯರ ಸಭೆ ತೀರ್ಮಾನಿಸುತ್ತದೆ. ಒಬ್ಬರಿಗೆ ಒಂದೇ ಓಟು. ಸೀರೆ ಮಾರಾಟವಾಗಲಿ ಬಿಡಲಿ, ತಂದುಕೊಟ್ಟ ವಾರದ ಶನಿವಾರ ಕೂಲಿ ಕೈಸೇರುತ್ತದೆ.

ಸೀರೆಗಳ ವಿಚಾರಕ್ಕೆ ಬಂದರೆ, ಹಳೆಯದನ್ನು ನಾವು ಕೆಡಿಸಿಲ್ಲ. ಕೆಂಪು ಸೆರಗು, ಅದರ ಮೇಲೆ ಬಿಳಿ ತೆನಿಯ ವಿನ್ಯಾಸ, ದಡಿಯಲ್ಲಿ ಚಿಕ್ಕಿ ಪರಾಸು ಅಥವಾ ಗೋಮಿ ಅನ್ನುವ ವಿನ್ಯಾಸ. ಬಸುರಿಗೆ ಮಾಡುವ ಕುಬಸದ ಕಾರ್ಯಕ್ಕೆ ಹಸಿರು ಬೇಕು ಅಂತ ಕೇಳುವವರು ಇವತ್ತಿಗೂ ಇದ್ದಾರೆ, ಅವರಿಗೆ ಗಿಳಿ ಹಸಿರು ನೇಯುತ್ತೇವೆ. ಕಸೂತಿ ಬೇಕಾದವರಿಗೆ ಗೋಪುರ, ತೇರು, ಆನೆ ಕೈಯಲ್ಲೇ ಹಾಕಿಸಿಕೊಡುತ್ತೇವೆ. ಅದಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ಕೂಲಿಯೂ ಬೇರೆ.

ಮಳೆಗಾಲದಲ್ಲಿ ಆರ್ಡರ್ ಕೊಟ್ಟವರು ಸ್ವಲ್ಪ ತಾಳಿಕೊಳ್ಳಬೇಕು. ಮಗ್ಗದ ಕುಣಿಯಲ್ಲಿ ತೇವ ಏರುತ್ತದೆ, ಹಾಸು ಹಸಿಯಾಗುತ್ತದೆ, ಎಳೆ ಅಂಟಿಕೊಳ್ಳುತ್ತದೆ. ಆ ದಿನಗಳಲ್ಲಿ ಬೇಗ ಮುಗಿಸಿ ಅಂತ ನಾವು ಯಾರನ್ನೂ ಒತ್ತಾಯ ಮಾಡುವುದಿಲ್ಲ.

ನಿಮಗೆ ಬರುವ ಪ್ರತಿ ಸೀರೆಯ ಮಡಿಕೆಯಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ಎರಡು ಹೆಸರು: ನೇಯ್ದವರದು ಮತ್ತು ಕೊಂಡಿ ಹಾಕಿದವರದು. ಇಳಕಲ್ಲಿಗೆ ಬಂದಾಗ ಆ ಚೀಟಿ ಜೊತೆಗೆ ತನ್ನಿ. ಅವರ ಮನೆಗೆ ನಾವೇ ಕರೆದುಕೊಂಡು ಹೋಗುತ್ತೇವೆ. ಚಹಾ ಕುಡಿಸದೆ ಅವರು ಕಳಿಸುವುದಿಲ್ಲ.