ಟೀಮ್ 7, ಒಣದ್ರಾಕ್ಷಿ ಪ್ಯಾಕೆಟ್ ಪ್ಲಾನ್: ಮೌಲ್ಯಮಾಪನ ಮತ್ತ ಮಾರ್ಕ್ಸ್

ನಾಲ್ಕೂ ಮಂದಿಗೆ,

ನಿಮ್ಮ ಪ್ಲಾನ್ ಎರಡು ಸಲ ಪೂರ್ತಿ ಓದೀನಿ, ಎಕ್ಸೆಲ್ ಶೀಟ್ ತಗದು ಫಾರ್ಮುಲಾನೂ ನೋಡೀನಿ. ಮಾರ್ಕ್ಸ್ ಮೊದಲೇ ಹೇಳಿಬಿಡ್ತೀನಿ, ಇಲ್ಲಂದ್ರ ಅದನ್ನ ಹುಡ್ಕೋದ್ರಾಗ ಉಳಿದಿದ್ದು ಓದೂದಿಲ್ಲ. ಮಾರ್ಕೆಟ್ ಅನಾಲಿಸಿಸ್ 30ಕ್ಕ 19, ಫೈನಾನ್ಸ್ 40ಕ್ಕ 15, ರಿಸ್ಕ್ 20ಕ್ಕ 7, ಬರವಣಿಗಿ ಮತ್ತ ಪ್ರೆಸೆಂಟೇಶನ್ 10ಕ್ಕ 8. ಒಟ್ಟು 49. ಕಡಿಮಿ ಅನಿಸ್ತದ, ಖರೆ, ಆದ್ರ ಕ್ಲಾಸಿನ್ಯಾಗ ಬಂದ ಪ್ಲಾನ್‌ಗಳೊಳಗ ಖರೇನ ಚಾಲೂ ಮಾಡಬಹುದು ಅನಿಸಿದ್ದು ನಿಮ್ಮದು, ಅದಕ್ಕ ಇಷ್ಟು ಉದ್ದ ಬರ್ಯಾಕತ್ತೀನಿ.

ಮೊದಲು ಛಲೋ ಇದ್ದದ್ದು. ಅನೆಕ್ಷರ್ ಎರಡು. ತಿಕೋಟಾ, ಬಬಲೇಶ್ವರ ಕಡೆ ತೋಟಕ್ಕ ಹೋಗಿ ರೈತರ ಜೋಡಿ ಕುಂತು ಮಾತಾಡಿ ಬರ್ದ ನೋಟ್ಸ್ ಅದಲ್ಲ, ಅದರಾಗ ಎಲ್ಲಾನೂ ಅದ: ನಾಕು ಕೆಜಿ ಹಸಿ ದ್ರಾಕ್ಷಿ ಒಣಗಿಸಿದ್ರ ಸುಮಾರು ಒಂದು ಕೆಜಿ ಮಾಲು ಬರ್ತದ, ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತ ಡಿಪ್ಪಿಂಗ್ ಆಯಿಲ್ ನೀರಾಗ ಅದ್ದಿ ಶೆಡ್‌ನ್ಯಾಗ ರ‍್ಯಾಕ್ ಮ್ಯಾಲ ಹರವಿದ್ರ ಎರಡು ವಾರದ ಆಸುಪಾಸು ಬೇಕು, ಆ ಎರಡು ವಾರದಾಗ ಅಕಾಲಿಕ ಮಳಿ ಬಿದ್ರ ಹಸಿರು ಬಣ್ಣ ಹೋಗಿ ಮಾಲು ಕಪ್ಪಾಗ್ತದ, ತಾಸಗಾಂವಕ್ಕ ಒಯ್ದ್ರ ರೇಟ್ ಬೀಳ್ತದ. ಒಬ್ಬ ರೈತರು ಕಾಳು ತಗೊಂಡು ಬೆರಳಾಗ ಒತ್ತಿ ತೋರ್ಸಿದ್ರು, ಅಂಟಿದ್ರ ಇನ್ನೂ ಒಣಗಿಲ್ಲ ಅಂದ್ರು ಅಂತ ಬರದೀರಿ, ಅದು ಪುಸ್ತಕದಾಗ ಸಿಗೂದಿಲ್ಲ. ಕಿರಾಣಿ ಅಂಗಡಿ ಆರೂ ಅಷ್ಟೇ ಛಂದ ವಿಚಾರ್ಸೀರಿ. ನನ್ನ ತಕರಾರು ಏನಂದ್ರ, ಅನೆಕ್ಷರ್‌ದಾಗ ನೀವು ಕೇಳಿದ್ದು ಒಂದು, ಎಕ್ಸೆಲ್‌ನ್ಯಾಗ ಹಾಕಿದ್ದು ಇನ್ನೊಂದು. ಕೆಳಗಿಂದು ಎಲ್ಲಾ ಅದೇ ಮಾತು.

ಮಾರ್ಕೆಟ್ ಬಗ್ಗೆ. ದೇಶದಾಗ 140 ಕೋಟಿ ಮಂದಿ, ಅದರಾಗ ಇಷ್ಟು ಪರ್ಸೆಂಟ್ ಡ್ರೈಫ್ರೂಟ್ ತಿಂತಾರ, ಅದರಾಗ 0.01 ಪರ್ಸೆಂಟ್ ನಮಗ ಬಂದ್ರ ಸಾಕು ಅಂತ ಶುರು ಮಾಡೀರಿ. ಈ ಲೆಕ್ಕ ತಗದು ಹಾಕ್ರಿ. ಇದರಿಂದ ಯಾವ ಅಂಗಡಿಯವರು ನಾಳೆ ಎಷ್ಟು ಪ್ಯಾಕೆಟ್ ತಗೋತಾರ ಅನ್ನೋದು ಗೊತ್ತಾಗೂದಿಲ್ಲ. ಕೆಳಗಿಂದ ಮ್ಯಾಲ ಬರ್ರಿ. ನಿಮ್ಮ ಟಾರ್ಗೆಟ್ ಮೊದಲ ವರ್ಷ 200 ಗ್ರಾಂ ಪ್ಯಾಕೆಟ್ 40,000, ಅಂದ್ರ ತಿಂಗಳಿಗೆ ಸುಮಾರು 3,300. ಅಂಗಡಿ 60 ಅಂತ ಬರದೀರಿ. ಭಾಗ ಮಾಡಿದ್ರ ಒಂದೊಂದು ಅಂಗಡಿಗೆ ತಿಂಗಳಿಗೆ 55 ಪ್ಯಾಕೆಟ್, ಅಂದ್ರ 11 ಕೆಜಿ. ಈಗ ನಿಮ್ಮದೇ ಅನೆಕ್ಷರ್ ತಗೀರಿ, ಅಂಗಡಿಯವರು ಏನಂದಾರ? ಲೂಸ್ ಒಣದ್ರಾಕ್ಷಿ ತಿಂಗಳಿಗೆ ಮೂರ್ನಾಕು ಕೆಜಿ ಹೋಗ್ತದ ಅಂತ. ಈಗ ಮಾರೋದ್ರ ಮೂರು ಪಟ್ಟು, ಅದೂ ನಿಮ್ಮ ಒಂದೇ ಪ್ಯಾಕೆಟ್, ಲೂಸ್ ಮಾಲಿಗಿಂತ ಹೆಚ್ಚಿನ ರೇಟಿಗೆ! ಇದು ಆಗೂದಿಲ್ಲ.

ಸರ್ವೇ ಬಗ್ಗೆ ಒಂದು ಮಾತು. 120 ಮಂದಿ ಉತ್ತರ ಕೊಟ್ಟಾರ, 87 ಪರ್ಸೆಂಟ್ ಖರೀದಿ ಮಾಡ್ತೀವಿ ಅಂದಾರ. ಆದ್ರ ಲಿಂಕ್ ಹೋಗಿದ್ದು ಕಾಲೇಜಿನ ವಾಟ್ಸಾಪ್ ಗ್ರೂಪಿಗೆ. ಗೆಳ್ಯಾರು ಹೂಂ ಅಂತಾರ, ಬ್ಯಾಡ ಅಂತ ಯಾರಂತಾರ? ಇನ್ನೊಂದು ಏನಂದ್ರ ವಿಜಯಪುರದಾಗ ಹತ್ತು ಮನಿಯೊಳಗ ಎರಡ್ಮೂರು ಮನಿಗರೆ ತೋಟ ಇದ್ದ ಬೀಗರು ಇರ್ತಾರ, ಅವರಿಗೆ ವರ್ಷದ ಮಾಲು ಚೀಲದಾಗ ಬರ್ತದ. ಊರಾಗಿನ ಗಿರಾಕಿ ನಿಮ್ಮ ಗಿರಾಕಿ ಅಲ್ಲ. ಗೋಳಗುಮ್ಮಟ ನೋಡ್ಲಿಕ್ಕ ಬಂದು ಮನಿಗೆ ಏನರೆ ಒಯ್ಯೋಣು ಅನ್ನೋ ಮಂದಿ, ಆಲಮಟ್ಟಿ ಗಾರ್ಡನ್‌ಗೆ ಬರೋವ್ರು, ಸಂಕ್ರಮಣಕ್ಕ ಸಿದ್ಧೇಶ್ವರ ಜಾತ್ರಿಗೆ ಬರೋ ಪರಊರಿನವರು, ಇವರ ಬಗ್ಗೆ ಇಡೀ ಪ್ಲಾನ್‌ನ್ಯಾಗ ಒಂದೇ ಸಾಲು ಅದ. ನನಗ ಅದೇ ಮುಖ್ಯ ಮಾರ್ಕೆಟ್ ಅನಿಸ್ತದ, ಯಾಕಂತ ಕೆಳಗಿನ ಲೆಕ್ಕದಾಗ ನೋಡ್ರಿ.

ಫೈನಾನ್ಸ್. ಇಲ್ಲಿ ಭಾಳ ಹೊತ್ತು ನಿಲ್ಲಬೇಕು. ನೀವು ಪ್ಯಾಕೆಟ್ ಎಂಆರ್‌ಪಿ 90 ರೂಪಾಯಿ ಇಟ್ಟು, 40,000 ಪ್ಯಾಕೆಟ್ ಗುಣಿಲೆ 90 ಅಂತ 36 ಲಕ್ಷ ವ್ಯಾಪಾರ ತೋರ್ಸೀರಿ. ಎಂಆರ್‌ಪಿ ನಿಮ್ಮ ಕೈಗೆ ಬರೋ ರೊಕ್ಕ ಅಲ್ಲ. ಅಂಗಡಿಯವರು 20 ಪರ್ಸೆಂಟ್ ಕೇಳ್ಯಾರ ಅಂತ ನೀವೇ ಬರದೀರಿ, ಅದು 18 ರೂಪಾಯಿ ಹೋತು. ಡಿಸ್ಟ್ರಿಬ್ಯೂಟರ್ 8 ಪರ್ಸೆಂಟ್, 7 ರೂಪಾಯಿ 20 ಪೈಸಾ. ಉಳಿದ 64.80ರೊಳಗ 5 ಪರ್ಸೆಂಟ್ ಜಿಎಸ್‌ಟಿ ಕೂಡೇ ಅದ, ಅದನ್ನ ತಗದ್ರ 61.70. ಇದು ನಿಮ್ಮ ಖರೆ ರೇಟ್. ಖರ್ಚು ನೋಡ್ರಿ: ಮಾಲು ಕೆಜಿಗೆ 220ರಂತೆ 44 ರೂಪಾಯಿ, ಆದ್ರ ತೊಟ್ಟು, ಕಸ, ಕಪ್ಪು ಕಾಳು ಆರ್ಸಿ ತಗದ್ರ 4 ಪರ್ಸೆಂಟ್ ವೇಸ್ಟ್ ಅಂತ ರೈತರೇ ಹೇಳ್ಯಾರ, ಹಂಗ ಹಿಡದ್ರ 45.80. ಪೌಚ್ ಮತ್ತ ಲೇಬಲ್ 4.50, ಕೂಲಿ 3, ಸಾಗಾಣಿಕಿ 3 (ಸಾಗಾಣಿಕಿ ನೀವು ಹಿಡದೇ ಇಲ್ಲ). ಒಟ್ಟು 56.30. ಪ್ಯಾಕೆಟ್‌ಗೆ ಉಳಿಯೋದು 5 ರೂಪಾಯಿ 40 ಪೈಸಾ. ನಿಮ್ಮ ಶೀಟ್‌ನ್ಯಾಗ ಅದೇ ಜಾಗಾದಾಗ 38.50 ಅಂತ ಅದ.

ಇದೊಂದು ಬದಲಾದ್ರ ಎಲ್ಲಾ ಬದಲಾಗ್ತದ. ತಿಂಗಳ ಫಿಕ್ಸ್ ಖರ್ಚು 28,000, ನೀವು ಬ್ರೇಕ್ ಈವನ್ 727 ಪ್ಯಾಕೆಟ್ ಅಂದೀರಿ, ಆದ್ರ 5.40ರ ಲೆಕ್ಕದಾಗ ಅದು 5,185 ಪ್ಯಾಕೆಟ್, ಅಂದ್ರ ತಿಂಗಳಿಗೆ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ ಮಾಲು. ವರ್ಷಕ್ಕ 12 ಲಕ್ಷ ಲಾಭ ಅಂತ ಬರದಿದ್ದು 1 ಲಕ್ಷ 20 ಸಾವಿರ ಲುಕ್ಸಾನ ಆಗ್ತದ. ಸಾಲದ 6 ಲಕ್ಷಕ್ಕ 11 ಪರ್ಸೆಂಟ್ ಬಡ್ಡಿ 66,000 ಹಾಕೇ ಇಲ್ಲ, ಅದನ್ನೂ ಕೂಡ್ಸಿದ್ರ 1 ಲಕ್ಷ 86 ಸಾವಿರ. ಮತ್ತ ನಾಲ್ಕು ಮಂದಿ ಪಗಾರ ಸೊನ್ನಿ ಇಟ್ಟೀರಿ. ಮನ್ಯಾಗ ಎಷ್ಟು ದಿವಸ ಹಂಗ ಬಿಡ್ತಾರ? ತಲಿಗೆ 10,000 ಅಂತ ಹಿಡದ್ರೂ ಫಿಕ್ಸ್ ಖರ್ಚು 68,000 ಆಗ್ತದ, ಅದಕ್ಕ ಬ್ರೇಕ್ ಈವನ್ ಎಷ್ಟು ಅಂತ ನೀವೇ ತಗೀರಿ.

ಈಗ ಟೂರಿಸ್ಟ್ ಮಾತಿಗೆ ಬರ್ತೀನಿ. ಅದೇ ಪ್ಯಾಕೆಟ್ ನೀವೇ ಸ್ಟಾಲ್ ಹಾಕಿ ನೇರ ಮಾರಿದ್ರ 90ರೊಳಗ ಜಿಎಸ್‌ಟಿ ತಗದು 85.70 ಕೈಗೆ ಬರ್ತದ, ಸಾಗಾಣಿಕಿ ಬಿಟ್ಟು ಖರ್ಚು 53.30, ಉಳಿಯೋದು 32 ರೂಪಾಯಿ ಮ್ಯಾಲ. ಸ್ಟಾಲ್ ಬಾಡಗಿ, ಅಲ್ಲಿ ಕುಂಡ್ರೋವ್ರ ಕೂಲಿ ಅದರೊಳಗಿಂದೇ ಹೋಗಬೇಕು ಖರೆ, ಆದ್ರೂ ಅಂಗಡಿ ಮುಖಾಂತರ ಆರು ಪ್ಯಾಕೆಟ್ ಮಾರಿದಷ್ಟು ಇಲ್ಲಿ ಒಂದರಾಗ ಬರ್ತದ. ಆನ್‌ಲೈನ್ ಬಗ್ಗೆ ಬರದ ಎರಡು ಪುಟ ಸದ್ಯ ಬದಿಗಿಡ್ರಿ, 90 ರೂಪಾಯಿ ಪ್ಯಾಕೆಟ್‌ಗೆ ಕೊರಿಯರೇ 50 ಆಗ್ತದ ಅಂತ ನಿಮ್ಮ ಕೊಟೇಶನ್ನೇ ಹೇಳ್ತದ.

ಕ್ಯಾಶ್ ಫ್ಲೋ. ಮಾಲು ಬರೋದು ಬ್ಯಾಸಿಗಿ ಸೀಸನ್‌ದಾಗ, ಮಾರೋದು ವರ್ಷಪೂರ್ತಿ, ಜೋರು ಇರೋದು ರಂಜಾನ್, ದೀಪಾವಳಿಗೆ. ನೀವು ಪ್ರತಿ ತಿಂಗಳೂ 220ರಂತೆ ಖರೀದಿ ತೋರ್ಸೀರಿ. ಹಂಗ ಆಗೂದಿಲ್ಲ. ಸೀಸನ್‌ದಾಗೇ ಎಲ್ಲಾ ತಗೊಂಡು ಕೋಲ್ಡ್ ಸ್ಟೋರೇಜಿನ್ಯಾಗ ಇಡ್ತೀರಿ ಅಂದ್ರ 8.3 ಟನ್‌ಗೆ 18 ಲಕ್ಷ 30 ಸಾವಿರ ಒಮ್ಮಿಗೇ ಬೇಕು, ಸ್ಟೋರೇಜ್ ಬಾಡಗಿ ಬ್ಯಾರೆ. ನಿಮ್ಮ ಹತ್ರ ಸ್ವಂತದ್ದು 3, ಸಾಲ 6, ಒಟ್ಟು 9 ಲಕ್ಷ, ಮಶೀನ್‌ಗೆ 4.2, ಡಿಪಾಸಿಟ್ ಲೈಸೆನ್ಸ್ 60 ಸಾವಿರ ಹೋದ್ರ ಉಳಿಯೋದು 4.2 ಲಕ್ಷ, ಅದರಾಗ ಎರಡು ಟನ್‌ನೂ ಬರೂದಿಲ್ಲ. ಇಲ್ಲ, ಬೇಕಾದಾಗ ತಗೋತೀವಿ ಅಂದ್ರ ಆವಾಗಿನ ರೇಟ್ ಕೊಡಬೇಕು. ಎರಡರೊಳಗ ಒಂದು ಆರ್ಸಿಕೊಳ್ರಿ. ಮಾರಿದ್ದರ ರೊಕ್ಕ ಅದೇ ದಿವಸ ಬರ್ತದ ಅಂತಾನೂ ಹಾಕೀರಿ, ಆದ್ರ ಆರು ಅಂಗಡಿಯೊಳಗ ನಾಕು ಮಂದಿ ತಿಂಗಳ ಉದ್ರಿ ಕೇಳ್ಯಾರ.

ಸಬ್ಸಿಡಿ ವಿಷಯ ಭಾಳ ಮಂದಿ ತಪ್ಪು ತಿಳ್ಕೋತಾರ, ಅದಕ್ಕ ಬಿಡಿಸಿ ಹೇಳ್ತೀನಿ. ಪಿಎಂಎಫ್‌ಎಂಇ ಸ್ಕೀಮಿನ್ಯಾಗ 35 ಪರ್ಸೆಂಟ್, 10 ಲಕ್ಷದ ಮಿತಿಯೊಳಗ, ಸಿಗ್ತದ ಅನ್ನೋದು ಖರೆ. ಆದ್ರ ಅದು ಸಾಲಕ್ಕ ಜೋಡಿಸಿದ್ದು. ರೊಕ್ಕ ಬ್ಯಾಂಕಿಗೆ ಬಂದು ಅಲ್ಲೇ ಇರ್ತದ, ಮೂರು ವರ್ಷ ನಿಮ್ಮ ಖಾತೆ ಬರೋಬ್ಬರಿ ನಡದ್ರ ಸಾಲಕ್ಕ ಹೊಂದಿಸ್ತಾರ. ನೀವು 1 ಲಕ್ಷ 47 ಸಾವಿರ ಮೊದಲ ತಿಂಗಳ ಆದಾಯದಾಗ ಹಾಕಿ ಅದರ ಮ್ಯಾಲ ಪೌಚ್ ಆರ್ಡರ್ ಮಾಡೀರಿ. ತಗೀರಿ ಅದನ್ನ.

ರಿಸ್ಕ್. "ಕಾಂಪಿಟೇಶನ್, ನೈಸರ್ಗಿಕ ವಿಕೋಪ, ಸರ್ಕಾರದ ನೀತಿ" ಅಂತ ಮೂರು ಶಬ್ದ ಬರ್ದು ಎಲ್ಲಾದಕ್ಕೂ ಮೀಡಿಯಂ ಹಾಕೀರಿ, ಇದು ಯಾವ ಪ್ಲಾನ್‌ಗೆ ಅಂಟಿಸಿದ್ರೂ ನಡೀತದ. ನಿಮ್ಮ ಖರೆ ರಿಸ್ಕ್ ಮಾಲಿನ ರೇಟ್. ಕೆಜಿಗೆ ಬರೇ 20 ರೂಪಾಯಿ ಏರಿದ್ರ ಪ್ಯಾಕೆಟ್ ಖರ್ಚು 4.20 ಏರ್ತದ, 5.40 ಇದ್ದದ್ದು 1.20ಕ್ಕ ಬರ್ತದ, 30 ಏರಿದ್ರ ಪ್ರತಿ ಪ್ಯಾಕೆಟ್ ಮ್ಯಾಲ ಕೈಯಿಂದ ಹೋಗ್ತದ. ದ್ರಾಕ್ಷಿ ಇಳುವರಿ, ಮಳಿ, ಅಫ್ಘಾನಿಸ್ತಾನದಿಂದ ಬರೋ ಮಾಲು, ಇವೆಲ್ಲಾ ಅದೇ ರೇಟ್‌ನ್ಯಾಗ ಬಂದು ಕುಂಡ್ರತಾವ. ಹಿಂಗಾದ್ರ ಏನ್ ಮಾಡ್ತೀರಿ? ಪ್ಯಾಕೆಟ್ ರೇಟ್ ಏರ್ಸ್ತೀರೋ, 180 ಗ್ರಾಂ ಮಾಡ್ತೀರೋ, ರೈತರ ಜೋಡಿ ಮೊದಲೇ ರೇಟ್ ಮಾತಾಡಿ ಇಡ್ತೀರೋ, ಬರೀರಿ. ಎರಡನೇದು ಗಂಧಕದ ಹೊಗಿ. ಬಣ್ಣಕ್ಕ ಹೊಗಿ ಕೊಟ್ಟ ಮಾಲು ಬಂದ್ರ ಸಲ್ಫೈಟ್ ಉಳೀತದ, ಕೆಜಿಗೆ 10 ಮಿಲಿಗ್ರಾಂ ಅಥವಾ ಜಾಸ್ತಿ ಇದ್ರ ಲೇಬಲ್ ಮ್ಯಾಲ ಹಾಕಲೇಬೇಕು, ಮತ್ತ ಕೆಲವರಿಗೆ ಅದರಿಂದ ಉಬ್ಬಸ ಬರ್ತದ. ನೀವು ಪೌಚ್ ಮ್ಯಾಲ "ಕೆಮಿಕಲ್ ಇಲ್ಲ" ಅಂತ ಡಿಸೈನ್ ಮಾಡ್ಸೀರಿ, ಲ್ಯಾಬ್ ಟೆಸ್ಟ್ ಖರ್ಚು ಎಲ್ಲೂ ಇಲ್ಲ. ಡಿಪ್ಪಿಂಗ್ ಆಯಿಲ್ ಹಾಕಿದ ಮಾಲಿಗೆ ಆ ಮಾತು ಬರೀಬ್ಯಾಡ್ರಿ, ಅದು ತಿನ್ನೋವ್ರಿಗೆ ಸುಳ್ಳು ಹೇಳಿದಂಗ. ಮೂರನೇದು, ನಾಲ್ಕು ಮಂದಿಯೊಳಗ ಇಬ್ಬರು ಫೈನಲ್ ಇಯರ್, ಕ್ಯಾಂಪಸ್‌ದಾಗ ನೌಕರಿ ಸಿಕ್ರ ಯಾರು ಉಳೀತಾರ? ಪಾಲುದಾರಿಕಿ ಕಾಗದದಾಗ ಇದು ಇರಬೇಕು.

ಮತ್ತೊಮ್ಮಿ ಸಬ್ಮಿಟ್ ಮಾಡ್ಲಿಕ್ಕ 15ನೇ ತಾರೀಖಿನ ತನಕ ಟೈಮ್ ಅದ, 15 ಮಾರ್ಕ್ಸ್‌ತನಕ ಏರ್ಸ್ತೀನಿ. ಇಡೀ ಪ್ಲಾನ್ ಮತ್ತ ಬರೀಬ್ಯಾಡ್ರಿ. ಅಂಗಡಿ, ಸ್ಟಾಲ್ ಎರಡಕ್ಕೂ ಬ್ಯಾರೆ ಬ್ಯಾರೆ ಪ್ಯಾಕೆಟ್ ಲೆಕ್ಕ, 12 ತಿಂಗಳ ಕ್ಯಾಶ್ ಫ್ಲೋ ಉದ್ರಿ ಹಿಡದು, ಮಾಲಿನ ರೇಟ್ 200, 220, 250 ಆದ್ರ ಏನಾಗ್ತದ ಅನ್ನೋ ಒಂದು ಟೇಬಲ್, ಇಷ್ಟು ತರ್ರಿ. ಅದಕ್ಕೂ ಮೊದಲು ಒಂದು ರವಿವಾರ ಗೋಳಗುಮ್ಮಟದ ಗೇಟ್ ಹತ್ರ ಸ್ಯಾಂಪಲ್ ಪ್ಯಾಕೆಟ್ ಹಿಡ್ಕೊಂಡು ನಿಂತು 90 ರೂಪಾಯಿ ಅಂತ ಕೇಳ್ರಿ, ಎಷ್ಟು ಮಂದಿ ರೊಕ್ಕ ತಗದ್ರು, ಎಷ್ಟು ಮಂದಿ ಹಂಗೇ ಹೋದ್ರು ಬರ್ಕೊಳ್ರಿ, ಆ ಹಾಳಿನೂ ಜೋಡಿಸ್ರಿ. ಶುಕ್ರವಾರ ಮಧ್ಯಾಹ್ನ ಮೂರರ ಮ್ಯಾಲ ಡಿಪಾರ್ಟ್‌ಮೆಂಟಿನ್ಯಾಗೇ ಇರ್ತೀನಿ, ಎಕ್ಸೆಲ್ ತಗೊಂಡು ಬಂದ್ರ ಕೂಡಿ ಕುಂತು ನೋಡೋಣು.